R36 ಯಾವುದು, R38 ಯಾವುದು? ಬೋರ್ಡ್ ಮೇಲಿನ ಸಣ್ಣ ಅಕ್ಷರ ಕಲಸಿಹೋಗುತ್ತಿದೆ

ಗೋಕುಲ_ಸ್ಟಾರ್ಟರ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಬೋರ್‌ವೆಲ್ ಮೋಟರ್ ಸ್ಟಾರ್ಟರ್‌ಗೆ ಹಾಕುವ ಕಂಟ್ರೋಲ್ ಬೋರ್ಡ್ ಮಾಡುತ್ತೇನೆ. ಡಿಸೈನ್ KiCad ನಲ್ಲಿ ನಾನೇ ಮಾಡುವುದು, ಬೋರ್ಡ್ ಮಾತ್ರ ಹೊರಗೆ ಮಾಡಿಸುತ್ತೇನೆ.

ಮೊದಲ ಸಲ 50 ಬೋರ್ಡ್ ಮಾಡಿಸಿದಾಗ ಬಿಳಿ ಅಕ್ಷರದ ಎತ್ತರ 0.8 ಮಿ.ಮೀ., ಗೆರೆಯ ದಪ್ಪ 0.1 ಮಿ.ಮೀ. ಇತ್ತು. ಬಂದ ಬೋರ್ಡಿನಲ್ಲಿ ಅಕ್ಷರಗಳು ಅಲ್ಲಲ್ಲಿ ಹರಿದುಹೋಗಿದ್ದವು. ಗೆರೆ ತೆಳು ಆಯ್ತು ಅಂದುಕೊಂಡು ಎರಡನೇ ಸಲ ಎತ್ತರ ಹಾಗೇ ಬಿಟ್ಟು ದಪ್ಪ 0.2 ಮಾಡಿದೆ. ಈಗ ಹರಿದಿಲ್ಲ, ಆದರೆ ಒಳಗಿನ ಜಾಗವೆಲ್ಲ ಮುಚ್ಚಿಹೋಗಿದೆ. 6, 8, B ಮೂರೂ ಒಂದೇ ಥರ ಬಿಳಿ ಚುಕ್ಕೆ.

ಇದು ಬರೀ ಅಂದದ ಮಾತಾಗಿದ್ದರೆ ಸುಮ್ನಿರುತ್ತಿದ್ದೆ. ಬಾವಿಯಲ್ಲಿ ನೀರು ಇಲ್ಲದಾಗ ಮೋಟರ್ ನಿಲ್ಲಿಸುವ ಮಟ್ಟವನ್ನು R36 ಅನ್ನುವ ರೆಸಿಸ್ಟರ್ ತೀರ್ಮಾನಿಸುತ್ತದೆ. ಪಕ್ಕದಲ್ಲೇ R38 ಇದೆ. ಗದಗದಲ್ಲಿ ನಮ್ಮ ಬೋರ್ಡ್ ರಿಪೇರಿ ಮಾಡುವವರಿಗೆ ಫೋನಿನಲ್ಲಿ "R36 ಬದಲಿಸಿ" ಅಂದೆ. ಅವರು ಬದಲಿಸಿದ್ದು R38. ಅವರದು ತಪ್ಪಲ್ಲ, ಆ ಬೋರ್ಡ್ ಫೋಟೋ ನೋಡಿದ ಮೇಲೆ ನನಗೂ ಗೊತ್ತಾಗಲಿಲ್ಲ. ಒಣ ಬಾವಿಯಲ್ಲಿ ಮೋಟರ್ ಓಡಿಯೇ ಇತ್ತು. ಸದ್ಯ, ರೈತರು ಸದ್ದು ಕೇಳಿ ಬಂದ್ ಮಾಡಿದರು.

ಎಷ್ಟು ಎತ್ತರ, ಎಷ್ಟು ದಪ್ಪ ಇಟ್ಟರೆ ಓದೋಕೆ ಬರುತ್ತದೆ? ಯಾವ ಫಾಂಟ್? ಮುಂದಿನ ವಾರ ಮೂರನೇ ಆರ್ಡರ್ ಕಳಿಸಬೇಕು.

ದಪ್ಪಕ್ಷರ

ನಾನು ಎಲ್ಲಾ ಬೋರ್ಡಿಗೂ 0.25 ಇಡುತ್ತೇನೆ ಸರ್, ಬೋಲ್ಡ್. ದೂರದಿಂದ ಕೂಡ ಓದಬಹುದು. ನೀವು 0.2 ಕ್ಕೇ ನಿಂತಿದ್ದೀರಿ, ಇನ್ನೂ ಸ್ವಲ್ಪ ಹೆಚ್ಚಿಸಿ. ತೆಳು ಗೆರೆಯಿಂದಲೇ ಈ ಸಮಸ್ಯೆ ಎಲ್ಲ ಬರುವುದು.

ಮೊದಲ_ಬೋರ್ಡ್

0.15 ಗೆರೆಯಲ್ಲಿ ಎಷ್ಟು ಆಂಪಿಯರ್ ಹೋಗುತ್ತೆ ಅಂತ ನನಗೂ ಗೊತ್ತಾಗಬೇಕಿತ್ತು. ಕಾಲೇಜ್ ಪ್ರಾಜೆಕ್ಟಿಗೆ ರಿಲೇ ಬೋರ್ಡ್ ಮಾಡುತ್ತಿದ್ದೇನೆ. ಮೋಟರ್ ಬೋರ್ಡಿಗೆ 0.2 ಕಡಿಮೆ ಆಗಲ್ವಾ?

ಧಾರವಾಡ_ಕ್ಯಾಡ್

@ಮೊದಲ_ಬೋರ್ಡ್ ತಮ್ಮಾ, ಇಲ್ಲಿ ಮಾತು ತಾಮ್ರದ ಟ್ರ್ಯಾಕ್ ಬಗ್ಗೆ ಅಲ್ಲ, ಮೇಲೆ ಪ್ರಿಂಟ್ ಆಗುವ ಬಿಳಿ ಅಕ್ಷರದ ಗೆರೆ ಬಗ್ಗೆ. ಅದರಲ್ಲಿ ಕರೆಂಟ್ ಹೋಗುವುದಿಲ್ಲ. ನಿನ್ನ ಪ್ರಶ್ನೆಗೆ ಬೇರೆ ಥ್ರೆಡ್ ಹಾಕು, ರಿಲೇಗೆ ಎಷ್ಟು ಆಂಪಿಯರ್ ಅನ್ನುವುದನ್ನೂ ಬರಿ, ಉತ್ತರ ಕೊಡುತ್ತೇನೆ.

@ದಪ್ಪಕ್ಷರ ಅವರೇ, ನಿಮ್ಮ ಅಕ್ಷರದ ಎತ್ತರ ಎಷ್ಟು?

ದಪ್ಪಕ್ಷರ

2 ಮಿ.ಮೀ. ಮೇಡಂ. ನಮ್ಮದು ಇನ್ವರ್ಟರ್ ಬೋರ್ಡ್, ಜಾಗ ಬೇಕಾದಷ್ಟಿದೆ.

ಧಾರವಾಡ_ಕ್ಯಾಡ್

ಹಾಗಾದರೆ ನಿಮ್ಮ ಬೋರ್ಡಿಗೆ 0.25 ಸರಿಯೇ. ಅದನ್ನೇ 0.8 ಎತ್ತರಕ್ಕೆ ಹಾಕಿದರೆ ಪೂರ್ತಿ ಮುಚ್ಚಿಹೋಗುತ್ತದೆ. ದಪ್ಪವನ್ನು ಒಂದೇ ನೋಡಬಾರದು. ಅಕ್ಷರದ ಒಳಗೆ ಉಳಿಯುವ ಖಾಲಿ ಜಾಗವನ್ನೂ ಲೆಕ್ಕ ಹಾಕಬೇಕು.

ಗೋಕುಲ ಅವರ 8 ಅನ್ನೇ ತಗೊಳ್ಳೋಣ. KiCad ನ ಗೆರೆ ಫಾಂಟಿನಲ್ಲಿ 8 ರ ಮೇಲಿನ ಸುತ್ತು ಕೆಳಗಿನದಕ್ಕಿಂತ ಚಿಕ್ಕದು. 0.8 ಎತ್ತರದ 8 ರಲ್ಲಿ, ಮೇಲಿನ ಗೆರೆಯ ನಡುವಿನಿಂದ ಸೊಂಟದ ಗೆರೆಯ ನಡುವಿಗೆ ಅಂದಾಜು 0.34 ಮಿ.ಮೀ. ಬರುತ್ತದೆ. ಗೆರೆಯ ದಪ್ಪ 0.2 ಕಳೆಯಿರಿ, ಉಳಿದದ್ದು 0.14. ಇದು ಕಂಪ್ಯೂಟರ್ ಪರದೆ ಮೇಲಿನ ಮಾತು. ಬೋರ್ಡ್ ಮೇಲೆ ಇಂಕ್ ಎರಡೂ ಕಡೆ ಹರಡುತ್ತದೆ. ಒಂದೊಂದು ಅಂಚಿಗೆ 0.05 ಹರಡಿದರೂ ಆ ಖಾಲಿ ಜಾಗದಲ್ಲಿ 0.1 ಹೋಯಿತು. ಉಳಿಯುವುದು 0.04. ಹಸಿ ಇಂಕ್ ಅಷ್ಟು ಸಣ್ಣ ಸಂದನ್ನು ತಾನೇ ತುಂಬಿಕೊಂಡುಬಿಡುತ್ತದೆ. 6 ಕ್ಕೂ ಇದೇ ಕಥೆ: ಬಲಗಡೆ ಮೇಲೆ ಬಾಯಿ ತೆರೆದಿರುವ ಜಾಗ ಮುಚ್ಚಿತು ಅಂದರೆ ಅದು 8.

ನಿಮ್ಮ ಬೋರ್ಡಿನಲ್ಲಿ ನಿಜಕ್ಕೂ ಎಷ್ಟು ಹರಡಿದೆ ಅಂತ ಅಳೆಯಬಹುದು. ಬೋರ್ಡಿನಲ್ಲಿ ಎಂಟು ಕಾಲಿನ SOIC ಚಿಪ್ ಇದೆಯಾ? ಅದರ ಪಕ್ಕದಲ್ಲಿ ಇರುವ ಬಿಳಿ ಗೆರೆ ಮತ್ತು ಚಿಪ್‌ನ ಪ್ಯಾಡ್ ಎರಡೂ ಬರುವ ಹಾಗೆ ಭೂತಗನ್ನಡಿ ಇಟ್ಟು ನೇರ ಮೇಲಿಂದ ಫೋಟೋ ತೆಗೆಯಿರಿ. ಒಂದು ಪ್ಯಾಡಿನ ನಡುವಿನಿಂದ ಮುಂದಿನ ಪ್ಯಾಡಿನ ನಡುವಿಗೆ ಯಾವಾಗಲೂ 1.27 ಮಿ.ಮೀ. ಅದೇ ನಿಮ್ಮ ಅಳತೆಪಟ್ಟಿ. ಫೋಟೋದಲ್ಲಿ ಪಿಕ್ಸೆಲ್ ಎಣಿಸಿ ಹೇಳಿ.

ಗೋಕುಲ_ಸ್ಟಾರ್ಟರ್

ಅಕ್ಕಾ, ಅಳೆದೆ. ಎರಡು ಪ್ಯಾಡ್ ನಡುವೆ 508 ಪಿಕ್ಸೆಲ್ ಬಂತು. ಅಂದರೆ ಒಂದು ಮಿಲಿಮೀಟರಿಗೆ 400. ಪಕ್ಕದ ಬಿಳಿ ಗೆರೆ ಫೈಲಿನಲ್ಲಿ 0.2. ಫೋಟೋದಲ್ಲಿ ನಾಲ್ಕು ಕಡೆ ಅಳೆದೆ: 114, 118, 121, 126 ಪಿಕ್ಸೆಲ್. ಸರಾಸರಿ ಹೆಚ್ಚುಕಡಿಮೆ 120, ಅಂದರೆ 0.3 ಮಿ.ಮೀ. ನೀವು ಹೇಳಿದ ಹಾಗೇ ಒಂದೊಂದು ಕಡೆ 0.05 ಹರಡಿದೆ.

ಇನ್ನೊಂದು ಕಂಡಿತು. ಗೆರೆಯ ಅಂಚು ನೇರ ಇಲ್ಲ. ಗರಗಸದ ಹಲ್ಲಿನ ಹಾಗೆ ಒಂದೇ ಅಂತರದಲ್ಲಿ ಏರಿಳಿತ ಇದೆ. ಅದು ಯಾಕೆ?

ಸ್ಕ್ರೀನ್_ಮಾಸ್ತರ

ಆ ಗರಗಸದ ಹಲ್ಲು ನನ್ನ ಕೆಲಸಕ್ಕೆ ಸೇರಿದ್ದು, ಅದಕ್ಕೆ ಬರೆಯುತ್ತಿದ್ದೇನೆ. ಹಳೇ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೇನೆ. ಲಗ್ನಪತ್ರಿಕೆಯಿಂದ ಶುರು, ಈಗ ಮಷಿನ್ ಪ್ಯಾನೆಲ್ ಮತ್ತು ಬೋರ್ಡ್ ಪ್ರಿಂಟಿಂಗ್ ಕೂಡ.

ನಿಮ್ಮ ಬೋರ್ಡ್ ಬಟ್ಟೆಯ ಸ್ಕ್ರೀನಿನಲ್ಲಿ ಪ್ರಿಂಟ್ ಆಗಿದೆ. ಆ ಬಟ್ಟೆ ಪಾಲಿಯೆಸ್ಟರ್ ಎಳೆಗಳ ಜಾಳಿಗೆ. ನಾನು ಬೋರ್ಡಿಗೆ ಬಳಸುವುದು ಸೆಂಟಿಮೀಟರಿಗೆ 120 ಎಳೆಯದು. ಲೆಕ್ಕ ಹಾಕಿ: ಒಂದು ಎಳೆಯಿಂದ ಮುಂದಿನ ಎಳೆಗೆ 0.083 ಮಿ.ಮೀ. ಇಂಕ್ ಇಳಿಯುವುದು ಎಳೆಗಳ ನಡುವಿನ ಕಿಂಡಿಯಿಂದ ಮಾತ್ರ. ಎಳೆ ಇರುವಲ್ಲಿ ಇಂಕ್ ನೇರ ಬೀಳುವುದಿಲ್ಲ, ಎರಡೂ ಕಡೆಯಿಂದ ಹರಿದು ಬಂದು ಕೂಡಿಕೊಳ್ಳಬೇಕು.

ನೀವು 0.1 ಗೆರೆ ಕೊಟ್ಟರೆ ಅದರ ಅಗಲಕ್ಕೆ ಒಂದೇ ಒಂದು ಕಿಂಡಿ ಸಿಗುತ್ತದೆ. ಗೆರೆ ಸರಿಯಾಗಿ ಕಿಂಡಿಯ ಮೇಲೆ ಬಿದ್ದರೆ ಮೂಡುತ್ತದೆ, ಎಳೆಯ ಮೇಲೆ ಬಿದ್ದರೆ ತುಂಡಾಗುತ್ತದೆ. ನಿಮ್ಮ ಮೊದಲ ಬ್ಯಾಚಿನಲ್ಲಿ ಆಗಿದ್ದು ಇದೇ. ಒಂದು ಬೋರ್ಡಿನಲ್ಲಿ ಯಾವ ಅಕ್ಷರ ಹರಿದಿದೆಯೋ ಎಲ್ಲಾ ಬೋರ್ಡಿನಲ್ಲೂ ಅದೇ ಜಾಗದಲ್ಲಿ ಹರಿದಿರಬೇಕು, ನೋಡ್ರಿ. ಗೆರೆಗೆ ಕಡೇ ಪಕ್ಷ ಎರಡು ಕಿಂಡಿ ಸಿಗಬೇಕು. ಎರಡು ಅಂದರೆ 0.166. ಎಲ್ಲರೂ 0.15 ಅನ್ನುವುದು ಇದರ ಹತ್ತಿರದ್ದೇ. ನನ್ನನ್ನು ಕೇಳಿದರೆ 0.18 ಕೊಡಿ, ನಿಶ್ಚಿಂತೆ.

ಅಂಚಿನ ಹಲ್ಲು ಆ ಎಳೆಗಳ ಗುರುತು. ಎರಡು ಹಲ್ಲಿನ ನಡುವೆ ನಿಮ್ಮ ಫೋಟೋದಲ್ಲಿ ಎಷ್ಟು ಪಿಕ್ಸೆಲ್ ಇದೆ ಅಂತ ನೋಡಿದರೆ ಅವರು ಯಾವ ಬಟ್ಟೆ ಬಳಸಿದ್ದಾರೆ ಅಂತಲೂ ಹೇಳಬಹುದು.

ಗೋಕುಲ_ಸ್ಟಾರ್ಟರ್

ಕಾಕಾ, ಹತ್ತು ಹಲ್ಲಿಗೆ 398 ಪಿಕ್ಸೆಲ್. ಅಂದರೆ ಒಂದಕ್ಕೆ ಸುಮಾರು 0.1 ಮಿ.ಮೀ. ಹಳೇ ಬೋರ್ಡುಗಳನ್ನೂ ತೆಗೆದು ನೋಡಿದೆ. ನೀವು ಹೇಳಿದ್ದು ನಿಜ. ಐದು ಬೋರ್ಡಿನಲ್ಲೂ C14 ರ ನಾಲ್ಕು ಒಂದೇ ಜಾಗದಲ್ಲಿ ಹರಿದಿದೆ.

ಸ್ಕ್ರೀನ್_ಮಾಸ್ತರ

ಹಾಗಾದರೆ ಬಟ್ಟೆ ಸೆಂಟಿಮೀಟರಿಗೆ 100 ಎಳೆಯದು. ನನ್ನದಕ್ಕಿಂತ ಒರಟು. ಎರಡು ಕಿಂಡಿ ಅಂದರೆ ಅಲ್ಲಿ 0.2 ಆಗುತ್ತದೆ. ಅಂದರೆ ಆ ಜಾಗದಲ್ಲಿ 0.8 ಎತ್ತರದ ಅಕ್ಷರ ಆಗುವ ಮಾತೇ ಅಲ್ಲ. ಗೆರೆ ಗಟ್ಟಿ ಬರಬೇಕು ಅಂದರೆ 0.2 ಬೇಕು, 0.2 ಇಟ್ಟರೆ ಒಳಗೆ ಮುಚ್ಚುತ್ತದೆ. ಎತ್ತರವನ್ನೇ ಹೆಚ್ಚಿಸಬೇಕು.

ಇನ್ನು ಹರಡುವುದಕ್ಕೆ ಎರಡು ಮೂರು ಕಾರಣ ಇರುತ್ತದೆ. ಇಂಕಿಗೆ ಥಿನ್ನರ್ ಜಾಸ್ತಿ ಆದರೆ ಹರಡುತ್ತದೆ. ಇಂಕ್ ಎಳೆಯುವ ಸ್ಕ್ವೀಜಿಯನ್ನು ಜಾಸ್ತಿ ಒತ್ತಿದರೂ ಹರಡುತ್ತದೆ. ಸ್ಕ್ವೀಜಿಯ ರಬ್ಬರ್ ಅಂಚು ಸವೆದು ದುಂಡಾಗಿದ್ದರೆ ಇನ್ನೂ ಕೆಟ್ಟದ್ದು. ಅದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಅಕ್ಷರವನ್ನು ಎಲ್ಲಿ ಇಡುತ್ತೀರಿ ಅನ್ನುವುದು. ತಾಮ್ರ ಇರುವ ಜಾಗ ಎತ್ತರ, ಇಲ್ಲದ ಜಾಗ ತಗ್ಗು. ಅಕ್ಷರ ಅರ್ಧ ಅಲ್ಲಿ ಅರ್ಧ ಇಲ್ಲಿ ಇದ್ದರೆ ಅಂಚಿನಲ್ಲಿ ಬಟ್ಟೆ ಸರಿಯಾಗಿ ಕೂರುವುದಿಲ್ಲ. ಇಂಕ್ ಆ ಮೆಟ್ಟಿಲಿಗೆ ಹೋಗಿ ನಿಲ್ಲುತ್ತದೆ.

ಗೋಕುಲ_ಸ್ಟಾರ್ಟರ್

ನಮ್ಮದು ಎರಡು ಔನ್ಸ್ ತಾಮ್ರ, ಅಂದರೆ 70 ಮೈಕ್ರಾನ್. R36 ರ ಅಕ್ಷರ ಸರಿಯಾಗಿ ರಿಲೇ ಟ್ರ್ಯಾಕಿನ ಅಂಚಿನ ಮೇಲೇ ಕೂತಿದೆ. ಈಗ ಗೊತ್ತಾಯಿತು, ಅದೇ ಬೋರ್ಡಿನಲ್ಲಿ R21 ಸುಮಾರಾಗಿ ಓದೋಕೆ ಬರುತ್ತದೆ, R36 ಮಾತ್ರ ಯಾಕೆ ಪೂರ್ತಿ ಹೋಗಿದೆ ಅಂತ.

ಹಾವೇರಿ_ತಕ್ಕಡಿ

ನಾನು ಹಾವೇರಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತೇನೆ. ಬ್ಯಾಡಗಿ ಮಾರುಕಟ್ಟೆಯ ತಕ್ಕಡಿಗಳು ಸೀಸನ್ನಿನಲ್ಲಿ ದಿನಾ ಬರುತ್ತವೆ, ಒಳಗೆಲ್ಲ ಮೆಣಸಿನಕಾಯಿ ಪುಡಿ ಕೂತಿರುತ್ತದೆ. ಬ್ರಷ್ ಹಚ್ಚಿ ಐಪಿಎ ಹಾಕಿ ಒರೆಸಿದರೆ ಕೆಲವು ಬೋರ್ಡಿನಲ್ಲಿ ಅಕ್ಷರವೇ ಬ್ರಷ್‌ಗೆ ಬರುತ್ತದೆ. ಇದೂ ಗೆರೆ ತೆಳು ಇರುವುದರಿಂದಲೇ ಏನು?

ರಿಪೇರಿಯವರ ಪರವಾಗಿ ಒಂದು ಮಾತು. ನಮಗೆ ಎಲ್ಲಾ ಹೆಸರು ಬೇಡ. ಕನೆಕ್ಟರ್, ಫ್ಯೂಸ್, ಟ್ರಿಮ್‌ಪಾಟ್, ಡಯೋಡ್ ದಿಕ್ಕು ಇಷ್ಟು ದೊಡ್ಡದಾಗಿ ಇದ್ದರೆ ಸಾಕು. ನೂರು ರೆಸಿಸ್ಟರ್ ಹೆಸರು ಹಾಕಿ ಒಂದೂ ಓದೋಕೆ ಬರದಿದ್ದರೆ ಏನು ಉಪಯೋಗ?

ಸ್ಕ್ರೀನ್_ಮಾಸ್ತರ

ಇಂಕ್ ಎದ್ದು ಬರುವುದು ಗೆರೆಯ ತಪ್ಪಲ್ಲ. ಇಂಕ್ ಪೂರ್ತಿ ಬೆಂದಿಲ್ಲ. ಓವನ್ನಿನಲ್ಲಿ ಬೇಯುವ ಇಂಕಿಗೆ ಬೇಕಾದ ಬಿಸಿ, ಬೇಕಾದ ಹೊತ್ತು ಕೊಡದಿದ್ದರೆ ಹಾಗಾಗುತ್ತದೆ. ಮಾಸ್ಕ್ ಮೇಲೆ ಕೈ ಎಣ್ಣೆ ಇದ್ದರೂ ಹಿಡಿಯುವುದಿಲ್ಲ.

ಗದಗ_ರಿಪೇರಿ

R38 ಬದಲಿಸಿದವನು ನಾನೇ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದ್ದೆ, ಎರಡೂ 38 ಅನ್ನಿಸಿತು. ಎರಡರಲ್ಲಿ ಒಂದು ಆರಿಸಿದೆ. ಸರ್, ಒಂದು ಕೇಳಿಕೊಳ್ಳುತ್ತೇನೆ. ಪಕ್ಕಪಕ್ಕ ಇರುವ ಭಾಗಕ್ಕೆ 36, 38 ಅಂತ ಇಡಬೇಡಿ. R31, R47 ಅಂತಿದ್ದರೆ ಅಕ್ಷರ ಸ್ವಲ್ಪ ಕೆಟ್ಟರೂ ಊಹಿಸಬಹುದಿತ್ತು.

ಧಾರವಾಡ_ಕ್ಯಾಡ್

ಗದಗದವರ ಮಾತು ನನಗೆ ಹೊಳೆದಿರಲಿಲ್ಲ, ಆದರೆ ಪೂರ್ತಿ ಸರಿ. ಜನ ಕೈಯಿಂದ ಮುಟ್ಟುವ ನಾಲ್ಕಾರು ಭಾಗಗಳಿಗಾದರೂ 1, 4, 7 ಬರುವ ಸಂಖ್ಯೆ ಕೊಡಬಹುದು. ಅವುಗಳಲ್ಲಿ ಮುಚ್ಚಿಹೋಗುವ ಸುತ್ತು ಕಡಿಮೆ. ಸಂಖ್ಯೆ ಬದಲಿಸುವುದಾದರೆ ಸ್ಕೆಮ್ಯಾಟಿಕ್‌ನಲ್ಲಿ ಬದಲಿಸಿ ಬೋರ್ಡಿಗೆ ಅಪ್ಡೇಟ್ ಮಾಡಿ, ಬೋರ್ಡಿನಲ್ಲಿ ನೇರ ಬದಲಿಸಬೇಡಿ.

ಈಗ ಗೋಕುಲ ಅವರ ಮೂರನೇ ಆರ್ಡರ್. ಬಟ್ಟೆ ಒರಟು ಅಂತ ಗೊತ್ತಾಗಿದೆ, ಇಂಕ್ 0.05 ಹರಡುತ್ತದೆ ಅಂತಲೂ ಗೊತ್ತಾಗಿದೆ. ಅದಕ್ಕೆ ಎತ್ತರ 1.2, ದಪ್ಪ 0.18 ಇಡಿ. ಆಗ 8 ರ ಮೇಲಿನ ಸುತ್ತಿನ ಲೆಕ್ಕ 0.51 ರಿಂದ ಶುರುವಾಗುತ್ತದೆ. ಗೆರೆ 0.18 ಕಳೆದು, ಹರಡುವುದು 0.1 ಕಳೆದು, 0.23 ಉಳಿಯುತ್ತದೆ. ಮಾಸ್ತರರ 0.2 ಗಿಂತ ಸ್ವಲ್ಪ ಕಡಿಮೆ ಇಟ್ಟಿದ್ದೇನೆ, ಹರಡಿದ ಮೇಲೆ ಗೆರೆ ತುಂಬಿಕೊಳ್ಳುತ್ತದೆ ಅನ್ನುವ ಲೆಕ್ಕದಲ್ಲಿ.

ಎಲ್ಲವನ್ನೂ ಒಂದೊಂದಾಗಿ ಬದಲಿಸಬೇಡಿ. KiCad ನಲ್ಲಿ `Edit > Edit Text & Graphics Properties` ಇದೆ, ರೆಫರೆನ್ಸ್ ಎಲ್ಲಾ ಒಂದೇ ಸಲ ಬದಲಾಗುತ್ತದೆ. ಆಮೇಲೆ `Board Setup > Constraints` ಗೆ ಹೋಗಿ `Minimum text height` ಮತ್ತು `Minimum text thickness` ನೋಡಿ. ನನ್ನ ಹಳೇ ಪ್ರಾಜೆಕ್ಟಿನಲ್ಲಿ ಅಲ್ಲಿ 0.8 ಮತ್ತು 0.08 ಇತ್ತು. ಅದಕ್ಕೇ ನಿಮ್ಮ 0.1 ಗೆರೆಗೆ KiCad ನ DRC ತಪಾಸಣೆ ಏನೂ ಹೇಳಿಲ್ಲ. ಅಲ್ಲಿ 1.2 ಮತ್ತು 0.18 ಹಾಕಿ, ಯಾವುದು ತಪ್ಪಿಸಿಕೊಂಡಿದೆ ಅಂತ ಅದೇ ತೋರಿಸುತ್ತದೆ.

ಜಾಗ ಸಾಲುವುದಿಲ್ಲ ಅಂತ ಈಗಲೇ ಹೇಳುತ್ತೇನೆ. 0603 ರೆಸಿಸ್ಟರ್ ಇರುವುದೇ 1.6 ಮಿ.ಮೀ. ಉದ್ದ. 1.2 ಎತ್ತರದ R36 ಬರೆದರೆ ಮೂರು ಮಿ.ಮೀ. ದಾಟುತ್ತದೆ. ಎಲ್ಲಾ ಹೆಸರೂ ಹಿಡಿಸುವುದಿಲ್ಲ. ಹಾವೇರಿಯವರು ಹೇಳಿದ ಹಾಗೆ ಕೈ ಹಾಕುವ ಭಾಗದ ಹೆಸರು ಮಾತ್ರ ಇಡಿ, ಉಳಿದದ್ದನ್ನು ಬೋರ್ಡ್ ಮೇಲೆ ಪ್ರಿಂಟ್ ಆಗದ `F.Fab` ಲೇಯರಿಗೆ ಹಾಕಿ, ಆ ಲೇಯರಿನ ಪಿಡಿಎಫ್ ತೆಗೆದು ರಿಪೇರಿಯವರಿಗೆ ವಾಟ್ಸಾಪ್ ಮಾಡಿ. ಪಿಡಿಎಫ್‌ನಲ್ಲಿ ಎಷ್ಟು ಬೇಕಾದರೂ ಜೂಮ್ ಮಾಡಬಹುದು.

ದಪ್ಪಕ್ಷರ

ಇಷ್ಟೆಲ್ಲ ಯಾಕೆ? ಈಗ ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಮಾಡುವವರಿದ್ದಾರೆ. ಬಟ್ಟೆ ಇಲ್ಲ, ಕಿಂಡಿ ಇಲ್ಲ. ಅಲ್ಲಿ ಮಾಡಿಸಿದರೆ 0.8 ಕೂಡ ಬರುತ್ತದೆ.

ಧಾರವಾಡ_ಕ್ಯಾಡ್

ಬರುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಬಟ್ಟೆಯ ಬದಲು ಚುಕ್ಕೆಯ ಮಿತಿ ಇದೆ. 600 ಡಿಪಿಐ ಅಂದರೆ ಒಂದು ಚುಕ್ಕೆಗೆ 0.042 ಮಿ.ಮೀ. 0.1 ಗೆರೆಗೆ ಎರಡೂವರೆಗೂ ಕಡಿಮೆ ಚುಕ್ಕೆ. ಬಿದ್ದ ಹನಿ ಯುವಿ ಬೆಳಕಿಗೆ ಗಟ್ಟಿಯಾಗುವ ಮೊದಲು ಸ್ವಲ್ಪ ಹರಡುತ್ತದೆ ಕೂಡ. ಬಟ್ಟೆಗಿಂತ ಒಳ್ಳೆಯದು ಹೌದು, ಮಿತಿಯೇ ಇಲ್ಲ ಅಂತಲ್ಲ. ಮತ್ತೆ, ಸಣ್ಣ ಆರ್ಡರಿಗೆ ಅವರು ಯಾವ ಮಷಿನ್‌ನಲ್ಲಿ ಹಾಕುತ್ತಾರೆ ಅಂತ ಕೇಳಿಯೇ ಆರ್ಡರ್ ಕೊಡಿ.

ಗೋಕುಲ_ಸ್ಟಾರ್ಟರ್

ಅಕ್ಕಾ, ಇನ್ನೊಂದು. ಟರ್ಮಿನಲ್ ಹತ್ತಿರ ಕನ್ನಡದಲ್ಲಿ ಬರೆಯಬೇಕು ಅಂತ ತುಂಬಾ ದಿನದ ಆಸೆ. "ಬಾವಿ", "ಟ್ಯಾಂಕ್", "ಅರ್ಥ್" ಅಂತ. ರೈತರೇ ಸೆನ್ಸರ್ ವೈರ್ ಹಾಕಿಕೊಳ್ಳುತ್ತಾರೆ, ಇಂಗ್ಲಿಷ್ ನೋಡಿ ಫೋನ್ ಮಾಡುತ್ತಾರೆ. ಇದಕ್ಕೂ 1.2 ಸಾಕಾ?

ಧಾರವಾಡ_ಕ್ಯಾಡ್

ಸಾಲುವುದಿಲ್ಲ. ಕನ್ನಡಕ್ಕೆ ಲೆಕ್ಕವೇ ಬೇರೆ. ನನ್ನ ಒಂದು ಲ್ಯಾಬ್ ಬೋರ್ಡಿಗೆ ಮಾಡಿದ್ದೆ, ಅದನ್ನು ಹೇಳುತ್ತೇನೆ.

ಇಂಗ್ಲಿಷ್ ಗೆರೆ ಫಾಂಟಿನಲ್ಲಿ ದಪ್ಪವನ್ನು ನಾವೇ ಕೊಡುತ್ತೇವೆ. ಕನ್ನಡಕ್ಕೆ ಕಂಪ್ಯೂಟರಿನಲ್ಲಿರುವ ಫಾಂಟನ್ನೇ ಆರಿಸಬೇಕು, KiCad 7 ರಿಂದ ಅದು ಬಂದಿದೆ. ಅಲ್ಲಿ ಗೆರೆಯ ದಪ್ಪ ಫಾಂಟ್ ಮಾಡಿದವರು ಇಟ್ಟ ಹಾಗೆ ಇರುತ್ತದೆ, ಎತ್ತರದ ಜೊತೆ ಕುಗ್ಗುತ್ತದೆ. ಪುಸ್ತಕದ ಫಾಂಟುಗಳಲ್ಲಿ ಒಂದೇ ಅಕ್ಷರದೊಳಗೆ ದಪ್ಪ ಗೆರೆ, ತೆಳು ಗೆರೆ ಎರಡೂ ಇರುತ್ತವೆ. ಬೋರ್ಡಿನಲ್ಲಿ ಆ ತೆಳು ಗೆರೆ ಮೊದಲು ಹೋಗುತ್ತದೆ. ಆದಷ್ಟು ಎಲ್ಲ ಕಡೆ ಒಂದೇ ದಪ್ಪ ಇರುವ ಫಾಂಟ್ ಬೇಕು. ನಾನು Noto Sans Kannada ತಗೊಂಡೆ. ತೀರಾ ಬೋಲ್ಡ್ ಬೇಡ, ಒಳಗಿನ ಜಾಗ ಹೋಗುತ್ತದೆ.

ಆಮೇಲೆ ದ, ಧ, ಥ ಮೂರನ್ನೂ ಪಕ್ಕಪಕ್ಕ ಬರೆದು ನೋಡಿ. ದ ಕ್ಕೂ ಧ ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಥ ಆಗುವುದು ಹೊಟ್ಟೆಯೊಳಗಿನ ಒಂದು ಚುಕ್ಕೆಯಿಂದ. ಸೀಳು ಮುಚ್ಚಿದರೆ ಧ ಹೋಗಿ ದ ಆಗುತ್ತದೆ. ನಾನು ಮೊದಲು 3 ಮಿ.ಮೀ. ಎತ್ತರಕ್ಕೆ "ಧಾರೆ" ಅಂತ ಹಾಕಿದ್ದೆ, ಬೋರ್ಡಿನಲ್ಲಿ "ದಾರೆ" ಅಂತ ಬಂತು.

ಆಮೇಲೆ KiCad ನಲ್ಲಿ `Ctrl+Shift+M` ಒತ್ತಿ ಆ ಸೀಳಿನ ಅಗಲ ಅಳೆದೆ. 3 ಮಿ.ಮೀ. ಎತ್ತರಕ್ಕೆ 0.18 ಬಂತು. ಇಂಕ್ ಹರಡಿ 0.1 ಹೋದರೆ 0.08 ಉಳಿಯುತ್ತದೆ, ಅದು ನಿಲ್ಲಲಿಲ್ಲ. ಸೀಳು 0.25 ಆದರೂ ಇರಲಿ ಅಂದುಕೊಂಡು 3 ಅನ್ನು 0.25 ರಿಂದ ಗುಣಿಸಿ 0.18 ರಿಂದ ಭಾಗಿಸಿದೆ. ಸುಮಾರು 4.2. ಆ ಎತ್ತರಕ್ಕೆ ಸೀಳು ಕಾಣಿಸಿತು. ನಿಮ್ಮ ಶಬ್ದದಲ್ಲಿ ಯಾವ ಅಕ್ಷರದ ಸಂದು ಎಲ್ಲಕ್ಕಿಂತ ಸಣ್ಣದೋ ಅದನ್ನು ಅಳೆದು ಎತ್ತರ ತೀರ್ಮಾನಿಸಿ.

"ಟ್ಯಾಂಕ್", "ಅರ್ಥ್" ಎರಡರಲ್ಲೂ ತೊಂದರೆ ಇದೆ. ಒಂದರಲ್ಲಿ ಒತ್ತಕ್ಷರ, ಇನ್ನೊಂದರಲ್ಲಿ ಥ ದ ಚುಕ್ಕೆ. "ಬಾವಿ"ಗೆ ಅಷ್ಟು ಕಷ್ಟ ಇಲ್ಲ. "ಟ್ಯಾಂಕ್" ಬದಲು "ತೊಟ್ಟಿ" ಅನ್ನಬಹುದಾ ನೋಡಿ, ಅಲ್ಲೂ ಒಂದು ಒತ್ತು ಇದೆ, ಆದರೆ ಸೊನ್ನೆ, ಅರ್ಧಾಕ್ಷರ ಇಲ್ಲ. ಅರ್ಥ್‌ಗೆ ಅದರ ಚಿಹ್ನೆಯನ್ನೇ ಹಾಕಿ, ಮೂರು ಅಡ್ಡ ಗೆರೆ, ಎಲ್ಲರಿಗೂ ಗೊತ್ತು.

ಹಾವೇರಿ_ತಕ್ಕಡಿ

ಬಿಳಿ ಪಟ್ಟಿ ಹಾಕಿ ಅದರಲ್ಲಿ ಅಕ್ಷರದ ಜಾಗ ಮಾತ್ರ ಖಾಲಿ ಬಿಟ್ಟರೆ? ಕೆಲವು ಬೋರ್ಡಿನಲ್ಲಿ ಹಾಗೆ ನೋಡಿದ್ದೇನೆ, ಎದ್ದು ಕಾಣುತ್ತದೆ.

ಸ್ಕ್ರೀನ್_ಮಾಸ್ತರ

ಆಗ ಉಲ್ಟಾ ಆಗುತ್ತದೆ. ಇಂಕ್ ಅಕ್ಷರದ ಒಳಕ್ಕೆ ಹರಡುತ್ತದೆ, ಗೆರೆ ತೆಳುವಾಗುತ್ತದೆ. 0.18 ಗೆರೆ 0.08 ಆಗುತ್ತದೆ. ಹಾಗೆ ಮಾಡುವುದಾದರೆ ಗೆರೆ 0.3 ಆದರೂ ಇರಲಿ. ದೊಡ್ಡ ಹೆಸರಿಗೆ ಚೆನ್ನ, ರೆಸಿಸ್ಟರ್ ನಂಬರಿಗೆ ಬೇಡ.

ಗೋಕುಲ_ಸ್ಟಾರ್ಟರ್ (ಮೂರು ವಾರದ ನಂತರ)

ಮೂರನೇ ಬ್ಯಾಚ್ ಬಂತು. ಹೆಸರುಗಳನ್ನು 112 ರಿಂದ 34 ಕ್ಕೆ ಇಳಿಸಿದೆ. ಎತ್ತರ 1.2, ದಪ್ಪ 0.18. R36 ಈಗ R41, ತಾಮ್ರದ ಅಂಚಿನಿಂದ ಸರಿಸಿ ಪೂರ್ತಿ ಗ್ರೌಂಡ್ ತಾಮ್ರದ ಮೇಲೆ ಇಟ್ಟಿದ್ದೇನೆ. ಬರಿಗಣ್ಣಿಗೆ ಓದೋಕೆ ಬರುತ್ತದೆ. ಗದಗಕ್ಕೆ ಎರಡು ಬೋರ್ಡ್ ಕಳಿಸಿದ್ದೆ, ಫೋನ್ ಮಾಡಿ ಅವರೇ ನಂಬರ್ ಓದಿ ಹೇಳಿದರು. "ಬಾವಿ", "ತೊಟ್ಟಿ" 4 ಮಿ.ಮೀ.ನಲ್ಲಿ ಚೆನ್ನಾಗಿ ಬಂದಿವೆ, "ಟ್ಟಿ"ಯ ಒತ್ತು ಸ್ವಲ್ಪ ದಪ್ಪ ಆಗಿದೆ ಅಷ್ಟೆ.

ಬೋರ್ಡಿನ ಖಾಲಿ ಮೂಲೆಯಲ್ಲಿ ಪರೀಕ್ಷೆಗೆ ಅಂತ "B8 36" ಅನ್ನು 0.8, 1.0, 1.2 ಎತ್ತರದಲ್ಲಿ, 0.15 ಮತ್ತು 0.18 ದಪ್ಪದಲ್ಲಿ ಹಾಕಿದ್ದೆ. 0.8 ಎರಡೂ ಹೋಗಿವೆ. 1.0 ಎತ್ತರ 0.15 ದಪ್ಪದ್ದು ಓದೋಕೆ ಬರುತ್ತದೆ, ಆದರೆ 50 ರಲ್ಲಿ 7 ಬೋರ್ಡಿನಲ್ಲಿ 3 ಹರಿದಿದೆ.

ಒಂದು ಮಾತ್ರ ಅರ್ಥವಾಗಿಲ್ಲ. ಅಡ್ಡಡ್ಡ ಬರೆದ ಹೆಸರಿಗಿಂತ 90 ಡಿಗ್ರಿ ತಿರುಗಿಸಿ ಬರೆದವು ಸ್ವಲ್ಪ ಮಸುಕಾಗಿವೆ. ಅಳತೆ ಎರಡಕ್ಕೂ ಒಂದೇ.

ಸ್ಕ್ರೀನ್_ಮಾಸ್ತರ

ಸ್ಕ್ವೀಜಿ ಎಳೆದ ದಿಕ್ಕು. ಎಳೆಯುವ ದಿಕ್ಕಿಗೆ ಉದ್ದಕ್ಕೆ ಇರುವ ಗೆರೆ ಚೂಪಾಗಿ ಬರುತ್ತದೆ, ಅಡ್ಡ ಇರುವ ಗೆರೆ ಹರಡುತ್ತದೆ.

ಧಾರವಾಡ_ಕ್ಯಾಡ್

ಮಾಸ್ತರೇ, ಅಕ್ಷರದಲ್ಲಿ ಉದ್ದ ಗೆರೆ ಅಡ್ಡ ಗೆರೆ ಎರಡೂ ಇರುತ್ತವಲ್ವಾ? ಹಾಗಿದ್ದರೆ ತಿರುಗಿಸಿದರೂ ಅರ್ಧ ಗೆರೆ ಚೂಪು, ಅರ್ಧ ಮಸುಕು ಇರಬೇಕಿತ್ತು. ನನಗೆ ಅನುಮಾನ, ತಿರುಗಿಸಿದ ಹೆಸರುಗಳೆಲ್ಲ ಕನೆಕ್ಟರ್ ಸಾಲಿನ ಹತ್ತಿರ, ತಾಮ್ರದ ಅಂಚಿನಲ್ಲೇ ಇವೆಯೇನೋ. ಗೋಕುಲ ಅವರೇ, ಮೂಲೆಯ ಪರೀಕ್ಷೆ ಅಕ್ಷರವನ್ನು ಮುಂದಿನ ಸಲ ಎರಡೂ ದಿಕ್ಕಿನಲ್ಲಿ, ಒಂದೇ ತಾಮ್ರದ ಮೇಲೆ ಹಾಕಿ ನೋಡಿ.

ಸ್ಕ್ರೀನ್_ಮಾಸ್ತರ

8 ರ ಸಂದು ಮುಚ್ಚುವುದು ಅಡ್ಡ ಗೆರೆಗಳಿಂದ. ಮೂರು ಅಡ್ಡ ಗೆರೆ ಒಂದರ ಮೇಲೊಂದು ಇವೆ. ಅವು ಯಾವ ದಿಕ್ಕಿಗೆ ಬೀಳುತ್ತವೆ ಅನ್ನುವುದರ ಮೇಲೆ ಹೋಗುತ್ತದೆ ಮೇಡಂ. ಆದರೂ ಹಾಕಿ ನೋಡಲಿ. ಪ್ಯಾನೆಲ್ ಅನ್ನು ಯಾವ ಕಡೆಗೆ ಎಳೆದರು ಅಂತ ಪ್ರಿಂಟ್ ಮಾಡಿದವರನ್ನೂ ಕೇಳಿ ಬರೆಯಿರಿ.

ಗೋಕುಲ_ಸ್ಟಾರ್ಟರ್

ಎರಡೂ ಮಾಡುತ್ತೇನೆ. ನಾಲ್ಕನೇ ಬ್ಯಾಚ್ ಮುಂಗಾರು ಮುಗಿದ ಮೇಲೆ, ಆಗ ಇದೇ ಥ್ರೆಡ್ಡಿನಲ್ಲಿ ಫೋಟೋ ಹಾಕುತ್ತೇನೆ.